ಆಡಳಿತ ಮಂಡಳಿಯ ಪಂಚಾಯಿತಿಯೂ ಮಗುವಿನ ಸಾಕ್ಷಿಯೂ

ಪ್ರಸಾದ ನಿಲಯದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಅಡುಗೆಯ ತಾಯಿಯ ಮುಂದೆ ಅಳುತ್ತಾನೆ ಎಂದಿಟ್ಟುಕೊಳ್ಳಿ. ವಾರ್ಡನ್ ರಾತ್ರಿ ಕೋಣೆಗೆ ಕರೆದು ಮಾಡಿದ್ದನ್ನು ಹೇಳುತ್ತಾನೆ. ಆ ತಾಯಿ ಮುಖ್ಯೋಪಾಧ್ಯಾಯರಿಗೆ ತಿಳಿಸುತ್ತಾಳೆ, ಅವರು ಆಡಳಿತ ಮಂಡಳಿಗೆ. ಹಿರಿಯರು ಸಭೆ ಸೇರಿ, ವಾರ್ಡನ್‌ನನ್ನೂ ಎದುರಿಗೆ ಕೂರಿಸಿ, ಹುಡುಗನಿಗೆ ‘ನಿಜ ಹೇಳು’ ಎನ್ನುತ್ತಾರೆ. ಅವನು ತಲೆ ತಗ್ಗಿಸುತ್ತಾನೆ. ‘ನೋಡಿದಿರಾ, ಏನೂ ಇಲ್ಲ. ಕೋರ್ಟಿಗೆ ಹೋದರೆ ಮಗುವಿನ ಬಾಳೇ ಹಾಳು’ ಎಂದು ಸಭೆ ಏಳುತ್ತದೆ.

ಬಂಧುಗಳೇ, ಇದು ವಿಚಾರಣೆಯಲ್ಲ, ಅಪರಾಧ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೇ ತಿಳಿಸಬೇಕು. ಮೇಲಿನವರಿಗೆ ಹೇಳಿದೆ ಎಂದರೆ ಹೊಣೆ ಕಳೆಯುವುದಿಲ್ಲ. ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಸತ್ಯವೋ ಸುಳ್ಳೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಸದ್ಭಾವನೆಯಿಂದ ತಿಳಿಸಿದವರಿಗೆ ಅದೇ ಕಲಮು ರಕ್ಷಣೆ ಕೊಡುತ್ತದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಆದಿವಾಸಿ ಹೆಣ್ಣುಮಕ್ಕಳ ವಸತಿ ಶಾಲೆಯ ಪ್ರಕರಣದಲ್ಲಿ, ತಿಳಿದೂ ಸುಮ್ಮನಿದ್ದರೆಂಬ ಆರೋಪ ಹೊತ್ತ ವೈದ್ಯರನ್ನು ಹೈಕೋರ್ಟು ಕೈಬಿಟ್ಟಿತ್ತು. 2022ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು.

ಇನ್ನು ‘ಬಾಳು ಹಾಳು’ ಎಂಬ ಮಾತು. ನಮ್ಮ ಸಭೆಯಲ್ಲಿ ಹುಡುಗ ಆರೋಪಿಯ ಮುಖ ನೋಡಬೇಕಾಯಿತು. ವಿಶೇಷ ನ್ಯಾಯಾಲಯದಲ್ಲಾದರೋ ಪರದೆಯೋ ವಿಡಿಯೊ ವ್ಯವಸ್ಥೆಯೋ ಇದ್ದು, ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ನಮ್ಮಲ್ಲಿ ಹತ್ತು ಜನ ಪ್ರಶ್ನೆ ಕೇಳಿದರು. ಅಲ್ಲಿ ಆರೋಪಿಯ ವಕೀಲರೂ ಪಾಟೀಸವಾಲನ್ನು ನ್ಯಾಯಾಧೀಶರಿಗೆ ಕೊಡಬೇಕು. ಮಗುವನ್ನು ಕೇಳುವವರು ನ್ಯಾಯಾಧೀಶರು. ಗದರಿಸುವಂತಿಲ್ಲ, ನಡತೆ ಕೆದಕುವಂತಿಲ್ಲ. ಬಾಗಿಲು ಮುಚ್ಚಿ ವಿಚಾರಣೆ, ಪಕ್ಕದಲ್ಲಿ ಮಗು ನಂಬಿದವರು, ನಡುನಡುವೆ ವಿರಾಮ. ಅದಕ್ಕೂ ಮೊದಲು ಹೇಳಿಕೆ ಪಡೆಯಲು ಪೊಲೀಸರೇ ಸಮವಸ್ತ್ರವಿಲ್ಲದೆ ಮಗುವಿದ್ದಲ್ಲಿಗೆ ಬರಬೇಕು.

ಇದೆಲ್ಲ ಎಲ್ಲ ಕಡೆಯೂ ಸರಿಯಾಗಿ ನಡೆಯುತ್ತಿದೆ ಎನ್ನಲಾರೆ. ಪರದೆ ಒಳಗಿದ್ದರೂ ಹೊರಗಿನ ಮೊಗಸಾಲೆಯಲ್ಲಿ ಮಗುವೂ ಆರೋಪಿಯೂ ಎದುರುಬದುರಾಗಬಹುದು. ವಕೀಲರು ರೂಢಿಯಂತೆ ನೇರವಾಗಿ ಪ್ರಶ್ನೆಗಿಳಿಯಬಹುದು. ಹಾಗಾದಾಗ ಎದ್ದು ಆಕ್ಷೇಪಿಸಲು ಮಗುವಿನ ಕಡೆಯವರಿಗೆ ಕಾನೂನು ಗೊತ್ತಿರಬೇಕು. ಮೊದಲ ದಿನದಿಂದ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಿ ಎಂದು ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಬೇಕು. ನ್ಯಾಯಾಲಯದ ಕೊರತೆಯನ್ನು ಹೀಗೆ ಪ್ರಶ್ನಿಸಬಹುದು. ಮುಚ್ಚಿದ ಸಭೆಯ ತೀರ್ಪನ್ನು ಆ ಹುಡುಗ ಎಲ್ಲಿ ಪ್ರಶ್ನಿಸಬೇಕು?

ಮಠದ ಮರ್ಯಾದೆ ಕಾಯಲು ಮಗುವಿನ ಬಾಯಿ ಮುಚ್ಚಿಸಿದವರು, ಕಾಯ್ದದ್ದು ಮಠವನ್ನಲ್ಲ, ವಾರ್ಡನ್‌ನನ್ನು. ಅಡುಗೆಯ ಆ ತಾಯಿ ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ನೇರ ಠಾಣೆಗೆ ಹೋಗಲಿ. ಮುಖ್ಯಸ್ಥರಾದವರು ಅವಳಿಗಿಂತ ಮೊದಲೇ ಅಲ್ಲಿರಲಿ.