ಇಪ್ಪತ್ತು ನಿಮಿಷಕ್ಕ ಅರ್ಧ ದಿನದ ಪಗಾರ ಹಿಡೀಬ್ಯಾಡ್ರಿ

ಅಕ್ಕಾ, ವೈನಿ, ಯಾರಿಗೆ ಸಿಟ್ಟು ಬಂದ್ರೂ ಹೇಳ್ತೀನಿ. ನಮ್ಮ ನಾಲವಾರದಾಗ ಹೊಲಿಗಿ ಕೆಲಸಕ್ಕ ಹೆಣ್ಮಕ್ಕಳನ್ನ ಇಟ್ಕೊಂಡವ್ರು "ತಡಾ ಬಂದ್ರ ಅರ್ಧ ಹಾಜರಿ" ಅಂತಾರ. ಮೊದಲ ನಾನೂ ಹಂಗೇ ಮಾಡ್ತಿದ್ದೆ. ಅದು ತಪ್ಪು.

ಲೆಕ್ಕ ನೋಡ್ರಿ. 8 ತಾಸಿಗೆ 360 ರೂಪಾಯಿ ಅಂದ್ರ ನಿಮಿಷಕ್ಕ 75 ಪೈಸೆ. 20 ನಿಮಿಷ ತಡಾ ಆದ್ರ 15 ರೂಪಾಯಿ. ನಾನು ಹಿಡದದ್ದು 180! ಉಳಿದ 165 ರೂಪಾಯಿ ಅಕಿ ಸಂಜಿತನಕ ಕುಂತು ದುಡದದ್ದು. ಕಾರ್ಖಾನಿ ಕೂಲಿಗಾರರ ಸಲುವಾಗಿ ಮಾಡಿದ 1936ರ ವೇತನ ಪಾವತಿ ಕಾಯ್ದೆದ 9ನೇ ಕಲಮಿನಾಗೂ, ಗೈರು ಇದ್ದ ಹೊತ್ತಿಗೆ ತಕ್ಕಷ್ಟೇ ಹಿಡೀಬೇಕು ಅನ್ನೋದೇ ಮೂಲ ಮಾತಾಗಿತ್ತು. ನಮ್ಮ ಪಡಸಾಲಿ ಕೆಲಸಕ್ಕ ಆ ಕಾಯ್ದೆ ಹತ್ತದಿದ್ರೂ ನ್ಯಾಯ ಹತ್ತೂದಿಲ್ಲೇನು?

"ಮಾಫಿ ಕೊಟ್ರ ದಿನಾ ತಡಾ ಬರ್ತಾರ" ಅಂತೀರಿ. ಖರೇ, ಮಿತಿ ಬೇಕು. ಈಗ ನಾನು 10 ನಿಮಿಷದ ತನಕ ಮಾಫಿ ಇಟ್ಟೀನಿ, ಅದೂ ತಿಂಗಳಿಗೆ ಮೂರೇ ಸಲ. 25 ನಿಮಿಷ ತಡಾ ಆದ್ರ 10 ಬಿಟ್ಟು 15ಕ್ಕ 11 ರೂಪಾಯಿ. ಮ್ಯಾಲಿನ ಚಿಲ್ಲರ ಬಿಡ್ತೀನಿ. ನಾಲ್ಕನೇ ಸಲದಿಂದ ಪೂರ್ತಿ ನಿಮಿಷ ಎಣಿಸ್ತೀನಿ. ಇಲ್ಲಂದ್ರ ವ್ಯಾಳ್ಯಾಕ್ಕ ಬರಾಕಿಗೆ ಅನ್ಯಾಯ. ಸಂಜಿಗೆ ಅಷ್ಟೇ ಹೊತ್ತು ನಿಂತು ಹೊಲದ್ರ ಏನೂ ಹಿಡಿಯಲ್ಲ.

ತುಂಡಿನ ಲೆಕ್ಕಕ್ಕ ಹೊಲಿಯೋರಿಗೆ ಇದು ಹಚ್ಚಬ್ಯಾಡ್ರಿ. ತಡಾ ಬಂದ್ರ ಅವರ ತುಂಡೇ ಕಮ್ಮಿ ಆಗ್ತಾವ. ಮತ್ತ ಹಿಡದ್ರ ಎರಡು ಸಲ ಹಿಡದಂಗ.

ತಿಂಗಳ ಮೊದಲೇ ಇದನ್ನ ಗ್ವಾಡಿಗೆ ಬರದು ಹಚ್ರಿ. ಪಗಾರ ಕೊಡೋ ದಿನ ಹುಟ್ಟಿಸಿದ ನಿಯಮ ನಿಯಮಲ್ಲ.