ಅಜ್ಜಿಯೂ ನಾನೇ, ಮೊಮ್ಮಗನೂ ನಾನೇ

ನಮ್ಮ ಬಳಗದ ಹುಡುಗನೊಬ್ಬ ಮೊನ್ನೆ 40 ಸೆಕೆಂಡಿನ ಕಾಮಿಡಿ ವಿಡಿಯೋ ಮಾಡಿದ. ಪ್ಲೇಸ್‌ಮೆಂಟ್ ಆಗದ ಮೊಮ್ಮಗನನ್ನ ಅಜ್ಜಿ ತರಾಟೆಗೆ ತಗೊಳ್ಳೋ ಕಥೆ. ಎರಡೂ ಪಾತ್ರ ಅವನದೇ. ಸೀರೆ ಉಟ್ಟ ಶಾಟ್‌ಗಳಲ್ಲಿ ಮಾತ್ರ ಫೇಸ್ ಸ್ವಾಪ್ ಮಾಡಿ ತನ್ನ ಮುಖದ ಮೇಲೆ ಅಜ್ಜಿಯ ಮುಖ ಕೂರಿಸಿದ್ದಾನೆ. ಕ್ಯಾಪ್ಶನ್ ಹೀಗಿದೆ: “ಅಜ್ಜಿಯೂ ನಾನೇ, ಮೊಮ್ಮಗನೂ ನಾನೇ. ಅಜ್ಜಿಯ ಮುಖ ಫೇಸ್ ಸ್ವಾಪ್.” ಕೆಳಗಿನ ವಿವರಣೆಯಲ್ಲಿ: “0:08ರಿಂದ 0:31ರವರೆಗೆ ನನ್ನ ಮುಖದ ಜಾಗದಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಮುಖವಿದೆ. ಇಂಥ ಅಜ್ಜಿ ನಿಜಕ್ಕೂ ಇಲ್ಲ. ನಟನೆ, ಧ್ವನಿ ನಂದೇ.”

“ಸ್ವಂತ ಮುಖ ತಾನೇ, ಇಷ್ಟೆಲ್ಲ ಯಾಕೆ ಬರೀಬೇಕು?” ಅಂತ ಕೆಲವರು ಕೇಳಿದ್ರು. ಬರೀಲೇಬೇಕು ಅನ್ನೋದು ನಮ್ಮ ವಾದ. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಯುವತಿಯ ವಿಡಿಯೋಗೆ ಅಂಟಿಸಿದಾಗ ಇಬ್ಬರನ್ನೂ ಯಾರೂ ಕೇಳಿರಲಿಲ್ಲ. ಇಲ್ಲಿ ಒಪ್ಪಿಗೆಯ ಸಮಸ್ಯೆ ಇಲ್ಲ, ನಿಜ. ಆದ್ರೆ ನೋಡುವವರ ಪ್ರಶ್ನೆ ಉಳಿದೇ ಇದೆ: ಪಾಪ, ಯಾರಪ್ಪ ಈ ಅಜ್ಜಿ? ಅವರ ಕೈಲಿ ಹೀಗೆಲ್ಲ ಮಾತಾಡಿಸಿದ್ದು ಯಾರು? ಬರೀ “ಎಐ ಬಳಸಲಾಗಿದೆ” ಅಂದ್ರೆ ಇದಕ್ಕೆ ಉತ್ತರ ಸಿಗಲ್ಲ. ಸಬ್‌ಟೈಟಲ್ ಹಾಕೋಕೂ ಎಐ ಬಳಸ್ತಾರಲ್ಲ.

ಕಣ್ಣಿಗೇ ಗೊತ್ತಾಗುತ್ತೆ ಅನ್ನೋರೂ ಇದ್ದಾರೆ. ಒರಿಜಿನಲ್ ಫೈಲ್‌ನಲ್ಲಿ ಹೌದು. ಫೇಸ್ ಸ್ವಾಪ್‌ಗೆ ತುಂಬಾ ಜನ ಬಳಸೋ ಒಂದು ಮಾಡೆಲ್ ಮುಖವನ್ನ 128×128 ಪಿಕ್ಸೆಲ್‌ನಲ್ಲಷ್ಟೇ ಬಿಡಿಸುತ್ತೆ, ಆಮೇಲೆ ಅದನ್ನ ಹಿಗ್ಗಿಸಿ ಅಂಟಿಸ್ತಾರೆ. ಹಾಗಾಗಿ ಸೀರೆಯ ಜರಿ ಎಳೆ ಎಳೆಯಾಗಿ ಕಂಡರೂ ಕೆನ್ನೆಯ ಸುಕ್ಕು ಮಾತ್ರ ಮಸುಕು. ಅಜ್ಜಿ ಮುಖದ ಮುಂದೆ ಕೈ ಆಡಿಸಿದಾಗ ಬೆರಳು ಕರಗಿದ ಹಾಗಾಗುತ್ತೆ. ಆದರೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಕಂಪ್ರೆಸ್ ಆಗಿ ಜರಿಯೂ ಮಸುಕಾಗುತ್ತೆ, ವ್ಯತ್ಯಾಸವೇ ಕಾಣಲ್ಲ.

ಅದೇ ಕಾರಣಕ್ಕೆ ನಮ್ಮ ಹುಡುಗನ ಹತ್ರ ಒಂದು ತಕರಾರೂ ಇದೆ. ಯೂಟ್ಯೂಬ್ 2024ರ ಮಾರ್ಚ್‌ನಲ್ಲಿ ನಿಜದಂತೆ ಕಾಣುವ ಬದಲಾವಣೆಗಳನ್ನು ತಿಳಿಸೋ ಆಯ್ಕೆ ಕೊಟ್ಟಿತು. ಆದರೆ ಆ ಲೇಬಲ್ ಸಾಮಾನ್ಯವಾಗಿ ಕಾಣೋದು ವಿವರಣೆ ಬಿಡಿಸಿ ನೋಡಿದಾಗ. ಡೌನ್‌ಲೋಡ್ ಮಾಡಿ ಫಾರ್ವರ್ಡ್ ಮಾಡಿದರೆ ಲೇಬಲ್, ಕ್ಯಾಪ್ಶನ್, ವಿವರಣೆ ಎಲ್ಲವೂ ಹಿಂದೆಯೇ ಉಳಿಯುತ್ತೆ, ಅಜ್ಜಿ ಒಬ್ಬಳೇ ಫ್ಯಾಮಿಲಿ ಗ್ರೂಪಿಗೆ ಹೋಗ್ತಾಳೆ. ಆ 23 ಸೆಕೆಂಡೂ “ಈ ಮುಖ ನಿಜದ್ದಲ್ಲ” ಅನ್ನೋ ಸಾಲು ಚಿತ್ರದೊಳಗೇ ಇರಬೇಕಿತ್ತು. ಅದೂ ತಳದಲ್ಲಿ ಬೇಡ, ಅಲ್ಲಿ ಆ್ಯಪ್‌ನ ಬಟನ್‌ಗಳು ಮುಚ್ಚಿಬಿಡ್ತವೆ. ಭುಜದ ಪಕ್ಕ ಇದ್ದರೆ ಕತ್ತರಿಸೋಕೂ ಕಷ್ಟ.

ಹೇಳಿಬಿಟ್ರೆ ಜೋಕ್ ಸಾಯುತ್ತೆ ಅಂತಾನೆ ಅವನು. ಯಕ್ಷಗಾನದ ಸ್ತ್ರೀವೇಷದೊಳಗೆ ಗಂಡಸಿದ್ದಾನೆ ಅಂತ ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರ್ತಾರೆ ಮಾರಾಯ. ನಿನ್ನ ವಿಡಿಯೋದಲ್ಲಿ ನಗಿಸೋದು ಅಜ್ಜಿಯ ಬೈಗುಳ. ಮುಂದಿನ ಭಾಗಕ್ಕೆ ಆ ಸಾಲು ಹಾಕಿಯೇ ಅಪ್‌ಲೋಡ್ ಮಾಡು, ನಗು ಕಮ್ಮಿ ಆಗುತ್ತಾ ನೋಡೋಣ.