ಫಲಿತಾಂಶದ ಸ್ಕ್ರೀನ್‌ಶಾಟ್‌ನಲ್ಲಿ ಇರುವುದೆಷ್ಟು, ಇಲ್ಲದಿರುವುದೆಷ್ಟು?

ಚುನಾವಣೆಯ ಮಾತು ಶುರುವಾದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಫಲಿತಾಂಶದ ಸ್ಕ್ರೀನ್‌ಶಾಟ್‌ಗಳು ಮತ್ತೆ ತಿರುಗಲು ಶುರುವಾಗುತ್ತವೆ. ಮೊನ್ನೆ ಒಬ್ಬರು ಕಾಕ ಫೋನ್ ಹಿಡಿದುಕೊಂಡು ಬಂದು, "ಉಸ್ತಾದ್, ಇದರಲ್ಲಿ ಬರೆದದ್ದು ಸರಿಯಾ, ಸುಳ್ಳಾ?" ಅಂತ ಕೇಳಿದರು. ನೋಡಿದರೆ 2024ರ ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದ ಫಲಿತಾಂಶದ ಪಟ್ಟಿ. ಚುನಾವಣಾ ಆಯೋಗದ ಜಾಲತಾಣದಿಂದ ತೆಗೆದದ್ದು. ಅದರ ಕೆಳಗೆ ಯಾರೋ ಮೂರು ಸಾಲು ಸೇರಿಸಿದ್ದರು.

ಒಂದು, ಜಿಲ್ಲೆಯ ನೂರು ಮತದಾರರಲ್ಲಿ 54 ಮಂದಿ ಬಿಜೆಪಿಗೆ ಓಟು ಹಾಕಿದ್ದಾರೆ. ಎರಡು, 2019ಕ್ಕೆ ಹೋಲಿಸಿದರೆ ಬಿಜೆಪಿ ಒಂದೂಕಾಲು ಲಕ್ಷ ಓಟು ಕಳೆದುಕೊಂಡಿದೆ. ಮೂರು, ಕಾಂಗ್ರೆಸ್‌ಗೆ ಹೆಚ್ಚು ಬಂದ ಓಟೆಲ್ಲ ಎಸ್‌ಡಿಪಿಐಯದ್ದು.

ಪಟ್ಟಿಯಲ್ಲಿರುವ ಅಂಕಿಗಳು ಸರಿಯಾಗಿಯೇ ಇದ್ದವು. ಕೆಳಗೆ ಸೇರಿಸಿದ ಮೂರೂ ಸಾಲುಗಳು ಮಾತ್ರ ತಪ್ಪು. ಹೇಗೆ ತಪ್ಪು ಅಂತ ಒಂದೊಂದಾಗಿ ನೋಡೋಣ. ಇದಕ್ಕೆ ಕೂಡು, ಕಳೆ, ಭಾಗಾಕಾರ ಬಂದರೆ ಸಾಕು.

ಪಟ್ಟಿಯಲ್ಲಿ ಇರುವುದು ಇಷ್ಟು. ಅಭ್ಯರ್ಥಿಯ ಹೆಸರು, ಪಕ್ಷ, ಮತಯಂತ್ರದ ಓಟು, ಅಂಚೆ ಓಟು, ಎರಡರ ಮೊತ್ತ, ಕೊನೆಗೆ ಶೇಕಡಾ. ಬಿಜೆಪಿಯ ಬ್ರಿಜೇಶ್ ಚೌಟರಿಗೆ 7,64,132 ಓಟು, ಶೇ. 53.97. ಕಾಂಗ್ರೆಸ್‌ನ ಪದ್ಮರಾಜ್ ಆರ್. ಅವರಿಗೆ 6,14,924 ಓಟು, ಶೇ. 43.43. ನೋಟಾಕ್ಕೆ 23,576.

ಅಂತರ ತೆಗೆಯುವುದು ಸುಲಭ. ಮೊದಲನೆಯವರ ಮೊತ್ತದಿಂದ ಎರಡನೆಯವರ ಮೊತ್ತ ಕಳೆಯಬೇಕು: 1,49,208. ಇಲ್ಲಿ ಒಂದು ಎಚ್ಚರ ಬೇಕು. ಆಯೋಗದ ಜಾಲತಾಣದಲ್ಲಿ ಅಭ್ಯರ್ಥಿಗಳ ಫೋಟೋ ಇರುವ ಇನ್ನೊಂದು ಪುಟ ಉಂಟು. ಅದರಲ್ಲಿ ಗೆದ್ದವರ ಓಟಿನ ಪಕ್ಕ ಆವರಣದೊಳಗೆ ಕೂಡು ಚಿಹ್ನೆ ಹಾಕಿ 149208 ಅಂತಲೂ, ಸೋತವರ ಪಕ್ಕ ಕಳೆ ಚಿಹ್ನೆ ಹಾಕಿ ಅದೇ ಸಂಖ್ಯೆಯನ್ನೂ ಕೊಟ್ಟಿರುತ್ತಾರೆ. ಕೆಲವರು ಇದನ್ನು 'ಕಳೆದ ಸಲಕ್ಕಿಂತ ಇಷ್ಟು ಹೆಚ್ಚು, ಇಷ್ಟು ಕಡಿಮೆ' ಅಂತ ಓದಿಬಿಡುತ್ತಾರೆ. ಅದು ಹಾಗಲ್ಲ. ಅದು ಅದೇ ಚುನಾವಣೆಯ ಅಂತರ, ಬೇರೇನಲ್ಲ.

ಇನ್ನು ಶೇಕಡಾ. ಶೇ. 53.97 ಅಂದರೆ ಯಾವುದರಲ್ಲಿ 53.97? ಅಲ್ಲಿರುವುದು ಈ ಒಂದೇ ಪ್ರಶ್ನೆ. ಉತ್ತರ: ಎಣಿಕೆಯಾದ ಒಟ್ಟು ಓಟುಗಳಲ್ಲಿ. ಕಾಕನ ಸ್ಕ್ರೀನ್‌ಶಾಟ್‌ನಲ್ಲಿ ಆ ಒಟ್ಟು ಮೊತ್ತದ ಕೊನೆಯ ಸಾಲೇ ಕತ್ತರಿಸಿ ಹೋಗಿತ್ತು. ಆದರೂ ಚಿಂತೆಯಿಲ್ಲ, ಹಿಂದಿನಿಂದ ಲೆಕ್ಕ ಹಾಕಬಹುದು. ಒಬ್ಬರ ಓಟನ್ನು ಅವರ ಶೇಕಡಾದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಟ್ಟು ಸಿಗುತ್ತದೆ.

7,64,132 ÷ 53.97 × 100 = 14,15,846

ಎರಡನೆಯವರ ಅಂಕಿಯಿಂದ ತಾಳೆ ನೋಡೋಣ.

6,14,924 ÷ 43.43 × 100 = 14,15,897

ಎರಡರ ನಡುವೆ 51 ಓಟಿನ ವ್ಯತ್ಯಾಸ ಬಂತು. ಶೇಕಡಾವನ್ನು ಎರಡೇ ದಶಮಾಂಶಕ್ಕೆ ನಿಲ್ಲಿಸಿರುವುದರಿಂದ ಅಷ್ಟು ಏರುಪೇರು ಸಹಜ. ಒಟ್ಟು ಸುಮಾರು 14,15,850 ಅಂತ ಇಟ್ಟುಕೊಳ್ಳಬಹುದು. ಎರಡು ಲೆಕ್ಕಗಳ ನಡುವೆ ಸಾವಿರಗಟ್ಟಲೆ ವ್ಯತ್ಯಾಸ ಬಂದಿದ್ದರೆ ಯಾರೋ ಅಂಕಿ ತಿದ್ದಿದ್ದಾರೆ, ಇಲ್ಲವೇ ಎರಡು ಬೇರೆ ಬೇರೆ ಸುತ್ತಿನ ಅಂಕಿಗಳನ್ನು ಅಂಟಿಸಿದ್ದಾರೆ ಅಂತ ಸಂಶಯ ಪಡಬೇಕಿತ್ತು.

ಈ ಒಟ್ಟು ಮೊತ್ತದಲ್ಲಿ ನೋಟಾ ಕೂಡ ಸೇರಿದೆ. ಸೌಜನ್ಯಾಗೆ ನ್ಯಾಯ ಸಿಗಬೇಕು, ಅದಕ್ಕಾಗಿ ನೋಟಾ ಒತ್ತಿ ಎಂಬ ಪ್ರಚಾರ ಆ ಸಲ ನಮ್ಮ ಜಿಲ್ಲೆಯಲ್ಲಿ ನಡೆದಿತ್ತು, ನೆನಪಿರಬಹುದು. ಆ 23,576 ಓಟನ್ನು ಹೊರಗಿಟ್ಟು ಲೆಕ್ಕ ಹಾಕಿದರೆ ಚೌಟರ ಪಾಲು ಶೇ. 54.88 ಆಗುತ್ತದೆ. ಒಂದು ಕಡೆ 53.97, ಇನ್ನೊಂದು ಕಡೆ 54.88 ಅಂತ ಕಂಡರೆ ಎರಡರಲ್ಲಿ ಒಂದು ಸುಳ್ಳು ಅಂತ ಅಲ್ಲ. ಭಾಗಿಸಿದ ಸಂಖ್ಯೆ ಬೇರೆ, ಅಷ್ಟೇ.

ಈಗ ಮೊದಲ ಸಾಲಿಗೆ ಬರೋಣ. 'ನೂರು ಮತದಾರರಲ್ಲಿ 54 ಮಂದಿ' ಅನ್ನಲು ಮತದಾರರು ಒಟ್ಟು ಎಷ್ಟು ಅಂತ ಗೊತ್ತಿರಬೇಕು. ಆ ಸಂಖ್ಯೆ ಈ ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲೂ ಇಲ್ಲ. ಎಷ್ಟು ಕೂಡಿದರೂ ಕಳೆದರೂ ಬರುವುದಿಲ್ಲ. ಅದನ್ನು ಹೊರಗಿನಿಂದ, ಮತದಾರರ ಪಟ್ಟಿಯ ಲೆಕ್ಕದಿಂದಲೇ ತರಬೇಕು. 2024ರಲ್ಲಿ ನಮ್ಮ ಕ್ಷೇತ್ರದ ಮತದಾರರು 18,18,127. ಇದರಿಂದ ಎರಡು ವಿಷಯ ತಿಳಿಯುತ್ತದೆ.

14,15,850 ÷ 18,18,127 × 100 = 77.87

7,64,132 ÷ 18,18,127 × 100 = 42.03

ಮೊದಲನೆಯದು ಮತದಾನ ಪ್ರಮಾಣ. ಎರಡನೆಯದು ಒಟ್ಟು ಮತದಾರರಲ್ಲಿ ಗೆದ್ದವರಿಗೆ ಓಟು ಹಾಕಿದವರ ಪಾಲು. ಅಂದರೆ ನೂರು ಮತದಾರರಲ್ಲಿ 42 ಮಂದಿ, 54 ಅಲ್ಲ. 54 ಅನ್ನುವುದು ಓಟು ಹಾಕಿದವರ ಪೈಕಿ ಮಾತ್ರ.

ಮತದಾನ ಮುಗಿದಾಗ ಸುಮಾರು ಎಪ್ಪತ್ತೇಳೂವರೆ ಶೇಕಡಾ ಅಂತ ಹೇಳಿದ್ದರು, ಈಗ 77.87 ಹೇಗಾಯಿತು ಅಂತ ಕೆಲವರು ಕೇಳಬಹುದು. ಮತದಾನದ ನಂತರ ಹೇಳುವ ಪ್ರಮಾಣ ಮತಯಂತ್ರದ ಓಟಿನದ್ದು. ಅಂಚೆ ಓಟು, ಮನೆಯಿಂದಲೇ ಓಟು ಹಾಕಿದ ವೃದ್ಧರು ಮತ್ತು ಅಂಗವಿಕಲರ ಓಟು, ಚುನಾವಣಾ ಕರ್ತವ್ಯದಲ್ಲಿದ್ದವರ ಓಟು ಆಮೇಲೆ ಸೇರುತ್ತವೆ. ವ್ಯತ್ಯಾಸ ಕಾಲು ಶೇಕಡಾದ ಆಸುಪಾಸಿನಲ್ಲಿದ್ದರೆ ಅದರಲ್ಲಿ ರಹಸ್ಯ ಹುಡುಕಬೇಕಾಗಿಲ್ಲ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲೇ Postal Votes ಅಂತ ಇರುವ ಸಾಲನ್ನು ಕೂಡಿ ನೋಡಿ, ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ.

ಓಟು ಹಾಕದವರು ಸುಮಾರು ನಾಲ್ಕು ಲಕ್ಷ. ಇವರೆಲ್ಲ ಸೋಮಾರಿಗಳು ಅಂತ ಹೇಳುವಂತಿಲ್ಲ. ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಮಗನ ಹೆಸರು ಊರಿನ ಪಟ್ಟಿಯಲ್ಲಿ ಇದ್ದರೆ, ಅವನು ವಿಮಾನ ಹತ್ತಿ ಬಂದು ಬೂತಿನಲ್ಲಿ ನಿಂತರೆ ಮಾತ್ರ ಓಟು ಹಾಕಬಹುದು. ಬಾರದಿದ್ದರೆ ಓಟು ಹಾಕದವರ ಲೆಕ್ಕಕ್ಕೆ ಸೇರುತ್ತಾನೆ. ತೀರಿಹೋದವರ ಹೆಸರು ಅಳಿಸದೆ ಉಳಿದಿದ್ದರೂ ಅಷ್ಟೇ. ಗಲ್ಫ್‌ನಲ್ಲಿ ಮನೆಗೊಬ್ಬರು ಇಬ್ಬರು ಇರುವ ನಮ್ಮ ಊರುಗಳಲ್ಲಿ ಬೂತಿನ ಪ್ರಮಾಣ ಕಡಿಮೆ ಕಂಡರೆ, ಬೈಯುವ ಮೊದಲು ಇದನ್ನೂ ಯೋಚಿಸಬೇಕು.

ಎರಡನೇ ಸಾಲು: ಬಿಜೆಪಿ ಒಂದೂಕಾಲು ಲಕ್ಷ ಓಟು ಕಳೆದುಕೊಂಡಿತು. ಇದಕ್ಕೆ 2019ರ ಪಟ್ಟಿ ಪಕ್ಕದಲ್ಲಿ ಇಡಬೇಕು. ಆಗ ನಳಿನ್ ಕುಮಾರ್ ಕಟೀಲರಿಗೆ 7,74,285 ಓಟು, ಮಿಥುನ್ ರೈಯವರಿಗೆ 4,99,664. ಅಂತರ 2,74,621. ಐದು ವರ್ಷದ ನಂತರ ಅಂತರ 1,49,208. ಇಳಿದದ್ದು 1,25,413. ಒಂದೂಕಾಲು ಲಕ್ಷ ಎಂಬ ಸಂಖ್ಯೆ ಬಂದದ್ದು ಇಲ್ಲಿಂದ. ಆದರೆ ಇಳಿದದ್ದು ಅಂತರ. ಬಿಜೆಪಿಯ ಓಟು ಇಳಿದದ್ದು 10,153 ಮಾತ್ರ. ಉಳಿದ 1,15,260 ಕಾಂಗ್ರೆಸ್‌ಗೆ ಏರಿದ ಓಟು. ಎರಡನ್ನೂ ಕೂಡಿ ನೋಡಿ, ಸರಿಯಾಗಿ 1,25,413 ಬರುತ್ತದೆ. ಅಂತರ ಎನ್ನುವುದು ತಕ್ಕಡಿಯ ಹಾಗೆ. ಒಂದು ತಟ್ಟೆ ಹಗುರವಾದರೂ ಓರೆ ಕಡಿಮೆಯಾಗುತ್ತದೆ, ಇನ್ನೊಂದು ತಟ್ಟೆ ಭಾರವಾದರೂ ಕಡಿಮೆಯಾಗುತ್ತದೆ. ಇಲ್ಲಿ ಹೆಚ್ಚಾಗಿ ಆದದ್ದು ಎರಡನೆಯದು.

ಹಾಗಾದರೆ ಬಿಜೆಪಿಯ ಪಾಲು ಶೇ. 57.57ರಿಂದ 53.97ಕ್ಕೆ ಇಳಿದದ್ದು ಹೇಗೆ? ಹತ್ತು ಸಾವಿರ ಓಟಿಗೆ ಮೂರೂವರೆಗಿಂತ ಹೆಚ್ಚು ಅಂಶ ಇಳಿಯುತ್ತದಾ? ಮತ್ತೆ ಭಾಗಿಸುವ ಸಂಖ್ಯೆಯನ್ನೇ ನೋಡಬೇಕು. 2019ರಲ್ಲಿ ಎಣಿಸಿದ ಓಟು ಸುಮಾರು 13.45 ಲಕ್ಷ. 2024ರಲ್ಲಿ ಸುಮಾರು 14.16 ಲಕ್ಷ. ಹೊಸದಾಗಿ 71 ಸಾವಿರದಷ್ಟು ಓಟು ಬಂದಿದೆ. ಒಟ್ಟು ಹೆಚ್ಚಿದಾಗ ತನ್ನ ಓಟು ಇದ್ದಲ್ಲೇ ನಿಂತರೂ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಓಟಿನ ಸಂಖ್ಯೆ ಮತ್ತು ಪಾಲು ಎರಡನ್ನೂ ಒಟ್ಟಿಗೆ ನೋಡಬೇಕು. ಒಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತೇವೆ.

ಮೂರನೇ ಸಾಲು ನಮ್ಮ ಮನೆಗಳಲ್ಲೇ ಜಗಳ ಎಬ್ಬಿಸುವಂಥದ್ದು. 2019ರಲ್ಲಿ ಎಸ್‌ಡಿಪಿಐ ಅಭ್ಯರ್ಥಿಗೆ ಬಂದದ್ದು 46,839 ಓಟು. 2024ರಲ್ಲಿ ಆ ಪಕ್ಷ ಇಲ್ಲಿ ಸ್ಪರ್ಧಿಸಲಿಲ್ಲ. ಆ ಓಟು ಅಷ್ಟೂ, ಒಂದೂ ಬಿಡದೆ ಕಾಂಗ್ರೆಸ್‌ಗೆ ಹೋಯಿತು ಅಂತಲೇ ಇಟ್ಟುಕೊಳ್ಳೋಣ. ಕಾಂಗ್ರೆಸ್‌ಗೆ ಏರಿದ್ದು 1,15,260. ಅದರಲ್ಲಿ 46,839 ಕಳೆದರೆ 68,421 ಉಳಿಯುತ್ತದೆ. ಇಷ್ಟು ಓಟು ಬೇರೆ ಎಲ್ಲಿಂದಲೋ ಬರಲೇಬೇಕು. ಹಾಗಾಗಿ 'ಎಲ್ಲವೂ ಎಸ್‌ಡಿಪಿಐಯದ್ದು' ಎಂಬ ಮಾತು ಲೆಕ್ಕಕ್ಕೇ ನಿಲ್ಲುವುದಿಲ್ಲ.

ಇದರ ಇನ್ನೊಂದು ಮುಖವೂ ಉಂಟು. 2019ರಲ್ಲಿ ಓಟು ಒಡೆದದ್ದರಿಂದಲೇ ಕಾಂಗ್ರೆಸ್ ಸೋತಿತು ಅಂತ ಒಬ್ಬರನ್ನೊಬ್ಬರು ದೂರಿದವರು ಎಷ್ಟೋ ಮಂದಿ. ಅಂದಿನ 46,839 ಓಟನ್ನು ಪೂರ್ತಿ ಕಾಂಗ್ರೆಸ್‌ಗೆ ಸೇರಿಸಿದರೂ 2,27,782 ಓಟು ಕಡಿಮೆ ಬೀಳುತ್ತಿತ್ತು. ಮೂರನೆಯವರ ಓಟು ಅಂತರಕ್ಕಿಂತ ಕಡಿಮೆ ಇದ್ದರೆ, ಅವರಿಂದಲೇ ಸೋಲು ಬಂತು ಅನ್ನುವ ಮಾತು ಅಲ್ಲಿಗೇ ಮುಗಿಯಿತು. ಹೆಚ್ಚಿದ್ದರೆ 'ಆಗಿರಬಹುದು' ಅನ್ನಬಹುದು, 'ಆಯಿತು' ಅನ್ನಲಾಗದು. ಯಾಕೆಂದರೆ ಮೂರನೆಯವರು ಕಣದಲ್ಲಿ ಇಲ್ಲದಿದ್ದರೆ ಅವರ ಮತದಾರ ಯಾರಿಗೆ ಹಾಕುತ್ತಿದ್ದ, ಬೂತಿಗೆ ಬರುತ್ತಿದ್ದನೋ ಇಲ್ಲವೋ, ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಅದೇ ರೀತಿ ಯಾವ ಸಮುದಾಯ ಯಾರಿಗೆ ಓಟು ಹಾಕಿತು ಅಂತಲೂ ಈ ಪಟ್ಟಿಯಲ್ಲಿ ಇಲ್ಲ. ಓಟಿನ ಮೇಲೆ ಹೆಸರು ಇರುವುದಿಲ್ಲ, ಜಾತಿ ಧರ್ಮವೂ ಇರುವುದಿಲ್ಲ. ಬೂತುವಾರು ಅಂಕಿ ಬೇಕಾದವರು Form 20 ಎಂಬ ದಾಖಲೆಯನ್ನು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ನೋಡಬಹುದು. ಅದರಲ್ಲೂ ಸಿಗುವುದು ಬೂತಿನ ಲೆಕ್ಕ, ಮನುಷ್ಯನ ಲೆಕ್ಕವಲ್ಲ.

ಕಾಕನಿಗೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿದೆವು. ಅವರು ಸ್ವಲ್ಪ ಹೊತ್ತು ನೋಡಿ, "ಅಂಕಿ ಸುಳ್ಳಲ್ಲ, ಅಡಿಬರಹ ಸುಳ್ಳು, ಅಲ್ವಾ ಉಸ್ತಾದ್?" ಅಂದರು. ಅಷ್ಟೇ ವಿಷಯ. ಮುಂದಿನ ಸಲ ಇಂಥ ಸ್ಕ್ರೀನ್‌ಶಾಟ್ ಬಂದಾಗ ಮೊದಲು ಕೊನೆಯ ಸಾಲು ಇದೆಯಾ ನೋಡಿ, ಎಣಿಕೆ ಪೂರ್ತಿ ಮುಗಿದ ಮೇಲಿನದ್ದಾ ನೋಡಿ. ಆಮೇಲೆ ಶೇಕಡಾ ಕಂಡಲ್ಲೆಲ್ಲ 'ಯಾವುದರಲ್ಲಿ?' ಅಂತ ಕೇಳಿ. ಉತ್ತರ ಅದೇ ಚಿತ್ರದೊಳಗೆ ಸಿಗದಿದ್ದರೆ ಮುಂದಿನ ಗುಂಪಿಗೆ ಕಳಿಸಬೇಡಿ.